ಮೇಡಂ ಅವರ ಬೀಳ್ಕೊಡುಗೆಗೆ ನಾಲ್ಕು ಮಾತು

ವಿಭಾಗದ ಮುಖ್ಯಸ್ಥರೇ, ಗುರುಗಳೇ, ಗೆಳೆಯರೇ, ಎಂ.ಎ. ತರಗತಿಯ ತಮ್ಮ ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಈ ತಿಂಗಳ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಚಿತ್ರದುರ್ಗದಿಂದ ಕರೆಸಿದ್ದೀರಿ. ಅವರ ಪುಸ್ತಕ, ಪ್ರಶಸ್ತಿಗಳ ವಿವರ ಆಹ್ವಾನ ಪತ್ರಿಕೆಯಲ್ಲೇ ಇದೆ. ನಾನು ಅವರ ಭಾಷಾವಿಜ್ಞಾನದ ಪಾಠದ ಬಗ್ಗೆ ಹೇಳುತ್ತೇನೆ.

ಹಿರಿಯೂರು ಕಡೆಯ ಹಳ್ಳಿಯಿಂದ ಬಂದ ಹುಡುಗನೊಬ್ಬ ನಮ್ಮ ಬ್ಯಾಚಿನಲ್ಲಿದ್ದ. ಮನೆಮಾತಿನ ಅಭ್ಯಾಸದಲ್ಲಿ 'ಹಾಲು' ಅನ್ನುವಾಗ 'ಆಲು' ಅಂದುಬಿಟ್ಟ. ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. ಬೋರ್ಡಿನ ಮೇಲೆ ಪಾಲ್, ಹಾಲು, ಆಲು ಅಂತ ಸಾಲಾಗಿ ಬರೆದರು. ಹಳಗನ್ನಡದ ಪಕಾರ ಹಕಾರವಾಯಿತು, ಇವನ ಊರಿನಲ್ಲಿ ಆ ಹಕಾರವೂ ಬಿದ್ದುಹೋಯಿತು, ನೀವು ನಗುತ್ತಿರುವುದು ಭಾಷೆಯ ಮುಂದಿನ ಹೆಜ್ಜೆಗೆ ಅಂದರು. ಆಮೇಲೆ ಪೂ ಹೂವಾಯಿತು, ಪತ್ತು ಹತ್ತಾಯಿತು, ಹಾಗಾದರೆ ಉಪ್ಪು, ತುಪ್ಪ, ತಪ್ಪುಗಳಲ್ಲಿ ಪಕಾರ ಯಾಕೆ ಉಳಿಯಿತು ಅಂತ ನಮ್ಮನ್ನೇ ಕೇಳಿದರು. ಒತ್ತು ಇದ್ದಲ್ಲಿ ಬದಲಾಗಲಿಲ್ಲ ಅನ್ನುವ ಉತ್ತರ ಹೇಳಿದ್ದು ಅದೇ ಹುಡುಗ. ಪರ್ವ ಹಬ್ಬವಾಗಿ, ಪಕ್ಷಿ ಹಕ್ಕಿಯಾಗಿ ಬದಲಾದಾಗ ಪುಸ್ತಕ ಮಾತ್ರ ಪುಸ್ತಕವಾಗಿಯೇ ಯಾಕೆ ನಿಂತಿತು ಅನ್ನುವ ಚರ್ಚೆ ಊಟದ ಬೆಲ್ ಹೊಡೆದರೂ ಮುಗಿಯಲಿಲ್ಲ. ಧ್ವನಿ ಬದಲಾವಣೆಗೆ ನಿಯಮ ಇರುತ್ತದೆ, ಅಪವಾದ ಕಂಡರೆ ಅದಕ್ಕೂ ಕಾರಣ ಹುಡುಕಬೇಕು. ಐತಿಹಾಸಿಕ ಭಾಷಾವಿಜ್ಞಾನದ ಬುನಾದಿ ನಮಗೆ ಸಿಕ್ಕಿದ್ದು ಹೀಗೆ.

ಅವರಿಗೆ ಪ್ರತಿ ವಿದ್ಯಾರ್ಥಿಯ ಮನೆಮಾತೂ ಆಧಾರವೇ. ಮೊಳಕಾಲ್ಮೂರಿನ ಗೆಳತಿ ಮನೆಯಲ್ಲಿ ತೆಲುಗು ಆಡುತ್ತಿದ್ದಳು. ಅವಳಿಂದ ಚೆರುವು, ಚೆವಿ ಹೇಳಿಸಿ, ಪಕ್ಕದಲ್ಲಿ ನಮ್ಮ ಕೆರೆ, ಕಿವಿ ಇಟ್ಟರು. ಕಕಾರದ ನಂತರ ಇ, ಎ ಸ್ವರ ಬಂದಲ್ಲಿ ತೆಲುಗಿನಲ್ಲಿ ಅದು ಚಕಾರವಾಗಿದೆ, ಕನ್ನಡ ಕಕಾರವನ್ನು ಉಳಿಸಿಕೊಂಡಿದೆ. ತಾಂಡಾದಿಂದ ಬಂದ ತಂಗಿಯೊಬ್ಬಳು 'ನಮ್ಮ ಲಂಬಾಣಿಗೆ ಲಿಪಿ ಇಲ್ಲ ಮೇಡಂ, ಇತಿಹಾಸ ಎಲ್ಲಿಂದ ಬರಬೇಕು' ಅಂದಿದ್ದಳು. ಅವಳಿಂದ ಒಂದರಿಂದ ಹತ್ತರವರೆಗೆ ಎಣಿಕೆ ಹೇಳಿಸಿದರು. ಆ ಮಾತು ಇಂಡೋ-ಆರ್ಯನ್ ಮನೆತನದ್ದು ಅನ್ನುವುದು ಎಲ್ಲರಿಗೂ ಕಿವಿಯಿಂದಲೇ ಗೊತ್ತಾಯಿತು. ಅವಳು ಮುಂದೆ ಆ ವಿಷಯದಲ್ಲೇ ಸಂಶೋಧನೆ ಮಾಡಿದಳು.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದನ್ನೂ ಹೇಳಬೇಕು. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನ ಅಲ್ಲಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬರೆದವನು ಚಪಡ. ತಾನು ಲಿಪಿಕಾರ ಅನ್ನುವುದನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಆಗ ಇಲ್ಲಿನ ಜನ ಏನು ಮಾತಾಡುತ್ತಿದ್ದರು ಅಂತ ನಾವು ಕೇಳಿದೆವು. 'ಈ ಬಂಡೆ ಅದನ್ನು ಹೇಳುವುದಿಲ್ಲ. ಅದು ಹೇಳದ್ದನ್ನು ನಾವು ಅದರ ಬಾಯಲ್ಲಿ ಹೇಳಿಸಬಾರದು' ಅಂದರು. ಕನ್ನಡದ ಮೇಲೆ ಅವರಿಗಿರುವ ಪ್ರೀತಿ ನಮಗೆಲ್ಲ ಗೊತ್ತು. ಅಷ್ಟು ಪ್ರೀತಿ ಇದ್ದೂ ಸಾಕ್ಷಿಗಿಂತ ಒಂದು ಹೆಜ್ಜೆ ಮುಂದೆ ಹೋಗಲಿಲ್ಲವಲ್ಲ, ಅದಕ್ಕೇ ಅವರ ಮಾತನ್ನು ನಾವು ನಂಬುತ್ತೇವೆ. ಅಲ್ಲಿಂದ ಬರುತ್ತಾ ದುರ್ಗದ ಹತ್ತಿರದ ತಮಟಕಲ್ಲಿಗೂ ಹೋದೆವು. ಅಲ್ಲಿನ ಹಳೆಯ ಕನ್ನಡ ಪದ್ಯಶಾಸನದ ಅಕ್ಷರಗಳನ್ನು ಒಂದೊಂದಾಗಿ ಓದಿಸುವಾಗ ಅವರ ಮುಖದಲ್ಲಿದ್ದ ಖುಷಿ ಇನ್ನೂ ನೆನಪಿದೆ.

ಕನ್ನಡ ತಮಿಳಿನ ಮಗಳು ಅಂತ ಯಾರಾದರೂ ವಾದಿಸಿದರೆ ಅವರು ದನಿ ಏರಿಸುತ್ತಿರಲಿಲ್ಲ. ಎರಡೂ ಒಂದೇ ಮೂಲದ್ರಾವಿಡದಿಂದ ಕವಲೊಡೆದವು ಅಂತ ಪದಗಳನ್ನು ಹೋಲಿಸಿ ತೋರಿಸುತ್ತಿದ್ದರು. ಆ ಮೂಲದ್ರಾವಿಡದ ಪದರೂಪದ ಮೊದಲಿಗೆ ನಕ್ಷತ್ರದ ಗುರುತು ಹಾಕದಿದ್ದರೆ ಪ್ರಬಂಧ ವಾಪಸ್. ಅದು ಬರಹದಲ್ಲಿ ಸಿಕ್ಕ ರೂಪ ಅಲ್ಲ, ಹೋಲಿಕೆಯಿಂದ ನಾವು ಕಟ್ಟಿದ್ದು ಅಂತ ಓದುವವರಿಗೆ ಗೊತ್ತಾಗಲೇಬೇಕು ಅನ್ನುವುದು ಅವರ ಹಟ. ಇವತ್ತು ನನ್ನ ಕಾಲೇಜಿನ ಮಕ್ಕಳಿಗೂ ನಾನು ಅದೇ ಹಟ ಹಿಡಿಯುತ್ತೇನೆ.

ಮೇಡಂ, ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶದ ನಿಮ್ಮ ಸ್ವಂತ ಪ್ರತಿಯನ್ನು ವಿಭಾಗದ ಲೈಬ್ರರಿಗೆ ಕೊಟ್ಟಿದ್ದೀರಿ. ಅಂಚಿನಲ್ಲಿ ನೀವು ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿ ಸಮೇತ ಅದು ನಮಗೆ ದೊಡ್ಡ ಆಸ್ತಿ. ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಪದಗಳ ಕಾರ್ಡುಗಳೂ ಬೀರುವಿನಲ್ಲಿವೆ. ಅವನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳು ಒಪ್ಪಿಕೊಂಡಿದ್ದೇವೆ. ಯಾವ ಪದ ಯಾವ ಊರಿನ ಯಾರ ಬಾಯಿಂದ ಬಂತು ಅನ್ನುವುದಕ್ಕೆ ನೀವೇ ಬೇಕು. ದಯವಿಟ್ಟು ಶನಿವಾರಗಳಂದು ಬನ್ನಿ.

ನಿಮಗೆ ಆರೋಗ್ಯ ಇರಲಿ, ಬರೆಯಬೇಕು ಅಂದುಕೊಂಡಿದ್ದನ್ನೆಲ್ಲ ಬರೆಯಲು ಬಿಡುವು ಸಿಗಲಿ. ಇಷ್ಟು ವರ್ಷ ನಮ್ಮ ಮಾತಿಗೆ ಕಿವಿಗೊಟ್ಟಿದ್ದಕ್ಕೆ ನಮ್ಮೆಲ್ಲರ ನಮಸ್ಕಾರ.

ಈಗ ನಿಮ್ಮ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ ಪ್ರಬಂಧ ಮಂಡಿಸುತ್ತಾಳೆ. ಎಂದಿನ ಹಾಗೆ ಮೊದಲ ಪ್ರಶ್ನೆ ನೀವೇ ಕೇಳಬೇಕು, ಮೇಡಂ.