ಮಾದರಿ ಪ್ರಶ್ನೆಪತ್ರಿಕೆ: ನಿರ್ದೇಶಾಂಕ ರೇಖಾಗಣಿತ – ದೂರ ಮತ್ತು ವಿಸ್ತೀರ್ಣ (ಅಂಕ ಹಂಚಿಕೆಯೊಂದಿಗೆ)

ಪ್ರಥಮ ಪಿಯುಸಿ, ಗಣಿತ. ಘಟಕ ಪರೀಕ್ಷೆ, ಹಾಸನ
ಸಮಯ: 1 ಗಂಟೆ 30 ನಿಮಿಷ
ಗರಿಷ್ಠ ಅಂಕ: 30

ಸೂಚನೆಗಳು

ಎ ಮತ್ತು ಡಿ ಭಾಗಗಳಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ. ಬಿ ಮತ್ತು ಸಿ ಭಾಗಗಳಲ್ಲಿ ಯಾವುದಾದರೂ ಮೂರಕ್ಕೆ ಉತ್ತರಿಸಿದರೆ ಸಾಕು. ಕ್ಯಾಲ್ಕುಲೇಟರ್ ಬೇಡ, ಲೆಕ್ಕಗಳೆಲ್ಲ ಕೈಯಲ್ಲೇ ಆಗುವಂಥವು. 14 ಮತ್ತು 15ನೇ ಪ್ರಶ್ನೆಗೆ ಚಿತ್ರ ಬರೆಯಲೇಬೇಕು. ಗ್ರಾಫ್ ಹಾಳೆ ಬೇಕಿಲ್ಲ, ಪೆನ್ಸಿಲ್ಲಿನ ಕಚ್ಚಾ ಚಿತ್ರ ಸಾಕು.

ಭಾಗ ಎ (5 × 1 = 5)

1. ಮೂಲಬಿಂದುವಿನಿಂದ (−3, 4) ಬಿಂದುವಿಗೆ ಎಷ್ಟು ದೂರ?
2. x-ಅಕ್ಷದಿಂದ (5, −7) ಬಿಂದುವಿಗೆ ಎಷ್ಟು ದೂರ?
3. ಮೂಲಬಿಂದುವಿನಿಂದ 3x − 4y + 20 = 0 ರೇಖೆಗೆ ಇರುವ ಲಂಬದೂರ ಬರೆಯಿರಿ.
4. A, B, C ಒಂದೇ ಸರಳರೇಖೆಯ ಮೇಲಿದ್ದರೆ, ವಿಸ್ತೀರ್ಣದ ಸೂತ್ರದಲ್ಲಿ ಅವುಗಳನ್ನು ಹಾಕಿದಾಗ ಬರುವ ಬೆಲೆ ಎಷ್ಟು?
5. 2x + 3y = 12 ರೇಖೆ ಅಕ್ಷಗಳೊಂದಿಗೆ ಉಂಟುಮಾಡುವ ತ್ರಿಭುಜದ ವಿಸ್ತೀರ್ಣ ಎಷ್ಟು?

ಭಾಗ ಬಿ (3 × 2 = 6)

6. (1, 5) ಮತ್ತು (7, 1) ಬಿಂದುಗಳಿಂದ ಸಮದೂರದಲ್ಲಿರುವ, x-ಅಕ್ಷದ ಮೇಲಿನ ಬಿಂದುವನ್ನು ಕಂಡುಹಿಡಿಯಿರಿ.
7. (2, 1), (6, 3), (4, 8) ಶೃಂಗಗಳಿರುವ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯಿರಿ.
8. 3x + 4y − 9 = 0 ಮತ್ತು 6x + 8y + 12 = 0 ಸಮಾಂತರ ರೇಖೆಗಳ ನಡುವಿನ ದೂರ ಎಷ್ಟು?
9. (1, 2), (4, 8), (k, 12) ಒಂದೇ ಸರಳರೇಖೆಯ ಮೇಲಿದ್ದರೆ k ಬೆಲೆ ಎಷ್ಟು?

ಭಾಗ ಸಿ (3 × 3 = 9)

10. (2, 1), (6, 3), (k, 5) ಶೃಂಗಗಳಿರುವ ತ್ರಿಭುಜದ ವಿಸ್ತೀರ್ಣ 6 ಚದರ ಮಾನ. k ಬೆಲೆಗಳನ್ನು ಕಂಡುಹಿಡಿಯಿರಿ.
11. 5x − 12y + 9 = 0 ರೇಖೆಯಿಂದ 3 ಮಾನ ದೂರದಲ್ಲಿ, y-ಅಕ್ಷದ ಮೇಲೆ ಇರುವ ಬಿಂದುಗಳು ಯಾವುವು?
12. ಚಿಕ್ಕಮಗಳೂರು ಕಡೆಯ ತೋಟವೊಂದರಲ್ಲಿ ಕಾಫಿ ಒಣಗಿಸುವ ಕಣವಿದೆ. ನಕ್ಷೆಯಲ್ಲಿ ಅದರ ಮೂಲೆಗಳು A(1, 1), B(4, 5), C(8, 2), D(5, −2). ಕಣ ಚೌಕಾಕಾರವಾಗಿದೆ ಎಂದು ತೋರಿಸಿ. ನಕ್ಷೆಯ 1 ಮಾನ ಎಂದರೆ ನೆಲದ ಮೇಲೆ 2 ಮೀಟರ್. ಕಣದ ನಿಜವಾದ ವಿಸ್ತೀರ್ಣ ಎಷ್ಟು?
13. P(1, 2, 3), Q(3, 5, 9), R(7, 4, 6) ಶೃಂಗಗಳಿರುವ ತ್ರಿಭುಜ ಸಮದ್ವಿಬಾಹು ಎಂದು ತೋರಿಸಿ.

ಭಾಗ ಡಿ (2 × 5 = 10)

14. P(x₁, y₁) ಬಿಂದುವಿನಿಂದ Ax + By + C = 0 ರೇಖೆಗೆ ಇರುವ ಲಂಬದೂರದ ಸೂತ್ರವನ್ನು, ತ್ರಿಭುಜದ ವಿಸ್ತೀರ್ಣವನ್ನು ಬಳಸಿ ಸಾಧಿಸಿ.

15. ಹಾಸನ ತಾಲ್ಲೂಕಿನ ಒಂದು ಆಲೂಗಡ್ಡೆ ಹೊಲ. ಒಂದು ಮೂಲೆಯನ್ನು ಮೂಲಬಿಂದು ಎಂದು ಹಿಡಿದು ಅಳೆದಾಗ ನಾಲ್ಕು ಮೂಲೆಗಳು ಮೀಟರ್ ಲೆಕ್ಕದಲ್ಲಿ A(0, 0), B(100, 0), C(120, 90), D(30, 110) ಎಂದು ಬಂದವು. A ಯಿಂದ C ಗೆ ನೇರವಾಗಿ ಒಂದು ಬದು ಇದೆ. D ಮೂಲೆಯಲ್ಲಿ ಬೋರ್‌ವೆಲ್ ಇದೆ.
(i) ಹೊಲದ ವಿಸ್ತೀರ್ಣ ಎಷ್ಟು ಚದರ ಮೀಟರ್? (2)
(ii) ಅದು ಎಷ್ಟು ಎಕರೆ, ಎಷ್ಟು ಗುಂಟೆ? ಗುಂಟೆಯ ಭಿನ್ನರಾಶಿಯನ್ನು ಬಿಟ್ಟುಬಿಡಿ. (1 ಗುಂಟೆ = 101.17 ಚದರ ಮೀಟರ್, 40 ಗುಂಟೆ = 1 ಎಕರೆ) (1)
(iii) ಬೋರ್‌ವೆಲ್‌ನಿಂದ ಬದುವಿಗೆ ಅತಿ ಕಡಿಮೆ ಉದ್ದದಲ್ಲಿ ಪೈಪ್ ಎಳೆಯಬೇಕು. ಒಂದು ಪೈಪ್ 6 ಮೀಟರ್ ಇದ್ದರೆ ಎಷ್ಟು ಪೈಪ್ ಕೊಳ್ಳಬೇಕು? (2)

---

ಅಂಕ ಹಂಚಿಕೆ ಮತ್ತು ಉತ್ತರಗಳು

ಯಾವ ಸರಿಯಾದ ವಿಧಾನಕ್ಕೂ ಪೂರ್ಣ ಅಂಕವಿದೆ. ಮೊದಲ ಹಂತದಲ್ಲಿ ಕೂಡು-ಕಳೆ ತಪ್ಪಾಗಿ, ಮುಂದಿನ ಹಂತಗಳು ಆ ತಪ್ಪು ಸಂಖ್ಯೆಗೆ ತಕ್ಕಂತೆ ಸರಿಯಾಗಿದ್ದರೆ ಒಂದೇ ಒಂದು ಸಲ ಅಂಕ ಕಳೆಯಿರಿ. ಅದೇ ತಪ್ಪಿಗೆ ಮೂರು ಕಡೆ ಕೆಂಪು ಗೆರೆ ಬೇಡ.

ಎ. 1) 5. 2) 7, ಇಲ್ಲಿ 5 ಎಂದು ಬರೆಯುವವರು ಜಾಸ್ತಿ. x-ಅಕ್ಷದಿಂದ ದೂರ ಎಂದರೆ y ಬೆಲೆ, ಅದೂ ಚಿಹ್ನೆ ಬಿಟ್ಟು. −7 ಬರೆದರೆ ಅಂಕವಿಲ್ಲ. 3) 4. 4) 0. 5) 12 ಚದರ ಮಾನ.

ಬಿ.

6. ಬಿಂದು (a, 0) ಎಂದುಕೊಂಡು (a − 1)² + 25 = (a − 7)² + 1 (1 ಅಂಕ). 12a = 24, a = 2, ಬಿಂದು (2, 0) (1 ಅಂಕ). ಬರೀ a = 2 ಎಂದು ನಿಲ್ಲಿಸಿದರೆ ಅರ್ಧ ಅಂಕ ಕಡಿತ. ಕೇಳಿದ್ದು ಬಿಂದುವನ್ನು ಅಲ್ವಾ?

7. ½|2(3 − 8) + 6(8 − 1) + 4(1 − 3)| (1 ಅಂಕ) = ½ × 24 = 12 ಚದರ ಮಾನ (1 ಅಂಕ).

8. ಎರಡನೆಯ ಸಮೀಕರಣವನ್ನು 2 ರಿಂದ ಭಾಗಿಸಿ 3x + 4y + 6 = 0 ಎಂದು ಬರೆದರೆ 1 ಅಂಕ. d = |6 + 9|/√(3² + 4²) = 15/5 = 3, 1 ಅಂಕ. ಭಾಗಿಸದೆ 12 ಮತ್ತು −9 ಅನ್ನು ನೇರವಾಗಿ ಸೂತ್ರಕ್ಕೆ ಹಾಕಿ 21/5 ತಂದವರಿಗೆ ಸೊನ್ನೆ. ಇದು ಕಟು ಅನ್ನಿಸಬಹುದು. ಆದರೆ x, y ಗಳ ಗುಣಕಗಳು ಎರಡು ರೇಖೆಗಳಲ್ಲೂ ಒಂದೇ ಇದ್ದರೆ ಮಾತ್ರ ಆ ಸೂತ್ರ ನಡೆಯುತ್ತದೆ. ಈ ಪ್ರಶ್ನೆ ಕೇಳಿದ್ದೇ ಅದಕ್ಕಾಗಿ.

9. 1(8 − 12) + 4(12 − 2) + k(2 − 8) = 0 (1 ಅಂಕ), k = 6 (1 ಅಂಕ). ಇಳಿಜಾರು ಸಮ ಎಂದು ಮಾಡಿದರೂ ಸರಿ. ಆ ದಾರಿ ಇನ್ನೂ ಚಿಕ್ಕದು.

ಸಿ.

10. ½|20 − 2k| = 6 (1 ಅಂಕ). 20 − 2k = ±12 (1 ಅಂಕ). k = 4 ಅಥವಾ 16 (1 ಅಂಕ). ± ಮರೆತು k = 4 ಮಾತ್ರ ತಂದರೆ ಒಟ್ಟು ಒಂದೂವರೆ ಅಂಕ. ಮೂರನೆಯ ಶೃಂಗ ರೇಖೆಯ ಯಾವ ಬದಿಗೆ ಬೇಕಾದರೂ ಇರಬಹುದು, ಅದಕ್ಕೇ ಎರಡು ಉತ್ತರ.

11. ಬಿಂದು (0, b). |9 − 12b|/13 = 3 (1 ಅಂಕ), 9 − 12b = ±39 (1 ಅಂಕ), (0, −5/2) ಮತ್ತು (0, 4) (1 ಅಂಕ).

12. AB = BC = CD = DA = 5 (1 ಅಂಕ). AC = BD = √50 (1 ಅಂಕ). ಬಾಹುಗಳು ಸಮ ಎಂದಷ್ಟೇ ತೋರಿಸಿ ಚೌಕ ಎಂದು ಘೋಷಿಸಿದವರಿಗೆ ಎರಡನೆಯ ಅಂಕ ಇಲ್ಲ. ವಜ್ರಾಕೃತಿಯಲ್ಲೂ ನಾಲ್ಕು ಬಾಹು ಸಮವಾಗಿಯೇ ಇರುತ್ತವೆ. ಕರ್ಣಗಳ ಬದಲು ಒಂದು ಮೂಲೆ ಲಂಬಕೋನ ಎಂದು ತೋರಿಸಿದರೂ ಅಂಕ ಕೊಡಿ. ನೆಲದ ಮೇಲೆ ಬಾಹು 10 ಮೀಟರ್, ವಿಸ್ತೀರ್ಣ 100 ಚದರ ಮೀಟರ್ (1 ಅಂಕ). 25 ಅನ್ನು 2 ರಿಂದ ಗುಣಿಸಿ 50 ಬರೆದರೆ ಈ ಅಂಕ ಹೋಯಿತು.

13. PQ = √(4 + 9 + 36) = 7 (1 ಅಂಕ), PR = √(36 + 4 + 9) = 7 (1 ಅಂಕ), QR = √26, ಆದ್ದರಿಂದ ಸಮದ್ವಿಬಾಹು (1 ಅಂಕ).

ಡಿ.

14. ಚಿತ್ರ: ರೇಖೆ, P, ಲಂಬಪಾದ M, ಜೊತೆಗೆ ರೇಖೆ ಅಕ್ಷಗಳನ್ನು ಕಡಿಯುವ ಬಿಂದುಗಳು Q(−C/A, 0), R(0, −C/B) (1 ಅಂಕ).
ವಿಸ್ತೀರ್ಣ PQR = ½ × QR × PM, ಆದ್ದರಿಂದ PM = 2 × ವಿಸ್ತೀರ್ಣ/QR (1 ಅಂಕ).
ಶೃಂಗಗಳನ್ನು ಸೂತ್ರಕ್ಕೆ ಹಾಕಿ 2 × ವಿಸ್ತೀರ್ಣ = |C/(AB)| × |Ax₁ + By₁ + C| (1½ ಅಂಕ).
QR = |C/(AB)| × √(A² + B²) (1 ಅಂಕ).
ಭಾಗಿಸಿದರೆ PM = |Ax₁ + By₁ + C|/√(A² + B²) (½ ಅಂಕ).

ಸೂತ್ರವನ್ನು ಬಾಯಿಪಾಠ ಮಾಡಿ ಕೊನೆಯ ಸಾಲನ್ನಷ್ಟೇ ಬರೆದವರಿಗೆ ಅರ್ಧ ಅಂಕ. ಯಾರಾದರೂ “C = 0 ಆದರೆ Q, R ಎರಡೂ ಮೂಲಬಿಂದುವೇ ಆಗುತ್ತವೆ, ಆಗ ತ್ರಿಭುಜ ಎಲ್ಲಿದೆ?” ಎಂದು ಬದಿಯಲ್ಲಿ ಬರೆದಿದ್ದರೆ ಅದು ಒಳ್ಳೆಯ ಪ್ರಶ್ನೆ. A ಅಥವಾ B ಸೊನ್ನೆಯಾದರೂ ಇದೇ ತೊಡಕು. ಆ ಸಂದರ್ಭಗಳನ್ನು ಬೇರೆಯಾಗಿ ನೋಡಬೇಕು, ಸೂತ್ರ ಮಾತ್ರ ಅಲ್ಲೂ ನಿಜವೇ. ಇದನ್ನು ಬರೆಯದವರಿಗೆ ಅಂಕ ಕಳೆಯಬೇಡಿ. ಬರೆದವರನ್ನು ತರಗತಿಯಲ್ಲಿ ಹೆಸರಿಡಿದು ಮೆಚ್ಚಿಕೊಳ್ಳಿ.

15. (i) AC ಯಿಂದ ಹೊಲವನ್ನು ಎರಡು ತ್ರಿಭುಜ ಮಾಡಿ. ABC = 4500 (1 ಅಂಕ), ACD = 5250, ಒಟ್ಟು 9750 ಚದರ ಮೀಟರ್ (1 ಅಂಕ). ಚಿತ್ರವಿಲ್ಲದಿದ್ದರೆ ಅರ್ಧ ಅಂಕ ಕಡಿತ. ಚಿತ್ರ ಬರೆಯದವರು ಮೂಲೆಗಳನ್ನು A, C, B, D ಎಂದು ಅಡ್ಡಾದಿಡ್ಡಿ ಸುತ್ತುವುದೇ ಹೆಚ್ಚು. ಆಗ ಹೊಲದ ವಿಸ್ತೀರ್ಣವೇ ಬರುವುದಿಲ್ಲ.

(ii) 9750 ÷ 101.17 ≈ 96.4. ಅಂದರೆ 2 ಎಕರೆ 16 ಗುಂಟೆ (1 ಅಂಕ). 2.4 ಎಕರೆ ಎಂದರೆ ಅರ್ಧ ಅಂಕ. 2 ಎಕರೆ 40 ಗುಂಟೆ ಎಂದು ಬರೆದರೆ ಏನೂ ಇಲ್ಲ, ಅದು 3 ಎಕರೆಯಾಯಿತು.

(iii) ಬದುವಿನ ಸಮೀಕರಣ 3x − 4y = 0 (½ ಅಂಕ). D ಯಿಂದ ಲಂಬದೂರ |90 − 440|/5 = 70 ಮೀಟರ್ (1 ಅಂಕ). 70 ÷ 6 = 11.67, ಆದ್ದರಿಂದ 12 ಪೈಪ್ (½ ಅಂಕ). AC = 150 ಮೀಟರ್, ACD ಯ ವಿಸ್ತೀರ್ಣ 5250, ಹಾಗಾಗಿ ಎತ್ತರ 2 × 5250/150 = 70 ಎಂದು ಮಾಡಿದವರಿಗೂ ಪೂರ್ಣ ಅಂಕ. 11 ಪೈಪ್ ಎಂದು ಬರೆದವರಿಗೆ ಕೊನೆಯ ಅರ್ಧ ಅಂಕ ಇಲ್ಲ: 66 ಮೀಟರಿಗೆ ಪೈಪ್ ಮುಗಿಯುತ್ತದೆ, ನೀರು ಬದು ಮುಟ್ಟುವುದಿಲ್ಲ.