ಸಂಪಾದಕರ ಮಾತು: ಫೇಲ್ ಆದ್ರೆ ಏನೀಗ?

ಮಕ್ಕಳೇ, ನಿಮ್ಮ ಗಣಿತದ ಮೇಷ್ಟ್ರು ನಾನೇ ಎಸ್ಸೆಸ್ಸೆಲ್ಸೀಲಿ ಗಣಿತ ಫೇಲ್ ಆದೋನು, ಇದನ್ನೆಲ್ಲ ಬರೀಬೇಡಿ ಸಾರ್ ಅಂತ ಸ್ಟಾಫ್ ರೂಮಲ್ಲಿ ಅಂದ್ರು, ಬರ್ದೇಬಿಟ್ಟೆ. ರಿಸಲ್ಟ್ ಬಂದಾಗ ಅಪ್ಪ ಒಂದು ಮಾತೂ ಬೈಲಿಲ್ಲ, ಮಾರನೇ ದಿನ ಬೆಳಗಿನ ಜಾವ ಎಬ್ಬಿಸಿ ಟೊಮೇಟೊ ಜೊತೆ ಕೋಲಾರದ ಎಪಿಎಂಸಿಗೆ ಕರ್ಕೊಂಡ್ ಹೋದ್ರು, ಅವತ್ತು ರೇಟ್ ಬಿದ್ದೋಗಿ ಗಾಡಿ ಬಾಡಿಗೇನೂ ಹುಟ್ಲಿಲ್ಲ. ವಾಪಸ್ ಬಂದೋರು ಟೀ ಕುಡಿದು ಸೀದಾ ಮುಂದಿನ ನಾಟಿಗೆ ಹೊಲ ಹದ ಮಾಡೋಕೆ ಹೋದ್ರು. ನಾನು ಸುಮ್ಮನೆ ಪುಸ್ತಕ ತೆಗೆದೆ.

ರಾಮಾನುಜನ್ನೂ ಕಾಲೇಜಲ್ಲಿ ಎಫ್.ಎ. ಅನ್ನೋ, ಈಗಿನ ಪಿಯುಸಿ ಥರದ ಪರೀಕ್ಷೆ ಫೇಲ್ ಆದೋರೇ (ಗಣಿತದಲ್ಲಲ್ಲ ಬಿಡಿ, ಅದು ನನ್ನ ಕಥೆ). ನಿಮಗಂತೂ ಈಗ ಪರೀಕ್ಷೆ-1 ಹೋದ್ರೆ 2 ಇದೆ. ರಿಸಲ್ಟ್ ದಿನ ಬಾಗಿಲು ಹಾಕ್ಕೊಂಡು ಅಳ್ಬೇಡಿ, ಸ್ಕೂಲಿಗೆ ಬನ್ನಿ, ಅರ್ಜಿ ನಾನೇ ತುಂಬಿಸ್ತೀನಿ.