ಮುಖಕ್ಕೆ ಸೋಪು ಸಾಕಾ, ಫೇಸ್‌ವಾಶ್ ಬೇಕೇ ಬೇಕಾ?

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಚೀಟಿ ಹಿಡಿದು ಬರುವವರ ನಡುವೆ "ಅಕ್ಕಾ, ಮುಖಕ್ಕೆ ಯಾವ್ದು ಹಚ್ಚೋದು" ಅಂತ ಕೇಳುವವರೂ ದಿನಾ ನಾಲ್ಕು ಜನ ಇರುತ್ತಾರೆ. ಕೌಂಟರ್ ಮೇಲೆ ಗಡಿಬಿಡಿಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕೂತು ಬರೆದಿದ್ದೇನೆ.

ನಮ್ಮಮ್ಮ ಮೈಗೂ ಮುಖಕ್ಕೂ ಒಂದೇ ಸೋಪು ಹಾಕುತ್ತಾ ಬಂದಿದ್ದಾರೆ, ಮುಖ ಚೆನ್ನಾಗೇ ಇದೆ. ಫೇಸ್‌ವಾಶ್ ಅನ್ನೋದು ಸುಮ್ನೆ ಮಾರಾಟದ ಕಥೆ ಅಲ್ವಾ?

ಅರ್ಧ ನಿಜ. ಅಮ್ಮನಿಗೆ ಅದು ಒಗ್ಗಿದೆ, ಹಾಗಾಗಿ ಅವರು ಬದಲಾಯಿಸಬೇಕಾಗಿಲ್ಲ. ನಿಮಗೆ ಒಗ್ಗುತ್ತಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಕಾಸಿಲ್ಲದ ಪರೀಕ್ಷೆ ಒಂದಿದೆ. ರಾತ್ರಿ ಮುಖ ತೊಳೆದು, ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ, ಕ್ರೀಮು ಎಣ್ಣೆ ಏನೂ ಹಚ್ಚದೆ ಹದಿನೈದು ನಿಮಿಷ ಸುಮ್ಮನಿರಿ. ಆಮೇಲೆ ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ ನಗಿ. ಕೆನ್ನೆ ಎಳೆದ ಹಾಗೆ ಆದರೆ, ಮೂಗಿನ ಪಕ್ಕ ಬಿಳಿ ಪುಡಿ ಕಂಡರೆ, ಆ ಸೋಪು ನಿಮ್ಮ ಮುಖಕ್ಕೆ ಜಾಸ್ತಿ ಆಯಿತು ಅಂತ. ಏನೂ ಅನ್ನಿಸಲಿಲ್ಲವಾ? ಅದೇ ಸೋಪು ಸಾಕು, ದುಡ್ಡು ಉಳಿಸಿ. ತೊಳೆದ ಮೇಲೆ ಚರ್ಮ ಕಿರ್ ಕಿರ್ ಅನ್ನಬೇಕು, ಅದೇ ಶುದ್ಧ ಅಂದುಕೊಂಡವರು ತುಂಬಾ ಜನ ಇದ್ದಾರೆ. ಸ್ಟೀಲ್ ತಟ್ಟೆಗೆ ಅದು ಸರಿ, ಮುಖಕ್ಕಲ್ಲ.

ಸೋಪಿನಲ್ಲಿ ಅಂಥದ್ದೇನಿದೆ, ಮುಖ ಬಿಗಿಯೋಕೆ?

ಸೋಪು ಅಂದರೆ ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು. ಹಾಗಾಗಿ ಅದರ ಪಿಎಚ್ ಸಾಮಾನ್ಯವಾಗಿ 9ರಿಂದ 10ರ ಹತ್ತಿರ ಇರುತ್ತದೆ. ನಮ್ಮ ಚರ್ಮದ್ದು ಸುಮಾರು 5, ಅಂದರೆ ಸ್ವಲ್ಪ ಹುಳಿ ಕಡೆಗೆ. ಸೋಪು ಕೊಳೆ ತೆಗೆಯುವಾಗ ಚರ್ಮ ತನಗೆ ಬೇಕು ಅಂತ ಇಟ್ಟುಕೊಂಡ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ, ಪಿಎಚ್ ಕೂಡ ಸ್ವಲ್ಪ ಹೊತ್ತು ಮೇಲೇರುತ್ತದೆ. ಆರೋಗ್ಯವಾಗಿರುವ ಚರ್ಮ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಒಣ ಚರ್ಮ, ಎಕ್ಸಿಮಾ ಇರುವವರು, ವಯಸ್ಸಾದವರು, ಇವರಿಗೆ ಮಾತ್ರ ಕಷ್ಟ. ಬೆನ್ನು, ತೋಳಿನ ಚರ್ಮ ತಡೆದುಕೊಳ್ಳುವಷ್ಟು ಕಣ್ಣಿನ ಸುತ್ತ ಇರುವ ತೆಳು ಚರ್ಮ ತಡೆದುಕೊಳ್ಳಲ್ಲ.

ಟಿಎಫ್‌ಎಂ ಜಾಸ್ತಿ ಇರೋ ಸೋಪು ತಗೊಂಡರೆ ಮುಖಕ್ಕೂ ಆಗುತ್ತಲ್ಲ?

ಒಳ್ಳೆ ಪ್ರಶ್ನೆ, ಆದರೆ ಉತ್ತರ ಅಷ್ಟು ನೇರ ಇಲ್ಲ. ಟಿಎಫ್‌ಎಂ ಅಂದರೆ ಸೋಪಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅನ್ನೋದು. 76 ದಾಟಿದರೆ ಗ್ರೇಡ್ 1, 70 ದಾಟಿದರೆ ಗ್ರೇಡ್ 2. ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1. ಪೊಟ್ಟಣ ತಿರುಗಿಸಿ ನೋಡಿ, ಕೆಲವದರ ಮೇಲೆ 'ಟಾಯ್ಲೆಟ್ ಸೋಪ್' ಅಂತ ಇರುತ್ತದೆ, ಕೆಲವದರ ಮೇಲೆ 'ಬೇಥಿಂಗ್ ಬಾರ್' ಅಂತ. ಎರಡೂ ಒಂದೇ ಅಲ್ಲ, ಬೇಥಿಂಗ್ ಬಾರ್‌ನಲ್ಲಿ ಟಿಎಫ್‌ಎಂ ಕಡಿಮೆ ಇದ್ದರೂ ನಡೆಯುತ್ತದೆ. ಗ್ರೇಡ್ 1 ಸೋಪು ಬೇಗ ಕರಗಿ ಹೋಗಲ್ಲ, ನೊರೆ ಚೆನ್ನಾಗಿ ಬರುತ್ತದೆ, ಸೋಪಾಗಿ ಅದು ಉತ್ತಮ. ಆದರೆ ಎಷ್ಟು ಒಳ್ಳೆ ಸೋಪಾದರೂ ಅದು ಸೋಪೇ, ಪಿಎಚ್ 5ಕ್ಕೆ ಇಳಿಯಲ್ಲ. ಅಕ್ಕಿ ಎಷ್ಟು ಹಳೇದು ಅಂತ ಕೇಳೋದು ಬೇರೆ, ಈ ಅಕ್ಕಿಗೆ ಇಡ್ಲಿ ಆಗುತ್ತಾ ಅಂತ ಕೇಳೋದು ಬೇರೆ, ಅಷ್ಟೇ ವ್ಯತ್ಯಾಸ.

ಊರಲ್ಲಿದ್ದಾಗ ಇದೇ ಸೋಪು ಸರಿಯಾಗಿತ್ತು. ಬೆಂಗಳೂರಿಗೆ ಬಂದ ಮೇಲೆ ಮುಖ ಒಡೆಯುತ್ತಿದೆ. ಕಾಲ ಕೆಟ್ಟು ಹೋಯ್ತಾ?

ಕಾಲ ಅಲ್ಲ, ನೀರು. ನನಗೂ ಹೀಗೇ ಆಗಿತ್ತು. ಮದುವೆ ಆದ ಹೊಸತರಲ್ಲಿ ಎರಡು ವರ್ಷ ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದೆವು, ಪೂರ್ತಿ ಬೋರ್‌ವೆಲ್ ನೀರು. ಕೆಂಪು ಬಕೆಟ್ ತಂದು ತಿಂಗಳಾಗಿರಲಿಲ್ಲ, ಒಳಗೆ ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಬೂದು ಬಣ್ಣದ ಗೆರೆ ಕೂತಿತ್ತು. ಉಗುರಲ್ಲಿ ಕೆರೆದರೆ ಮೇಣದ ಹಾಗೆ ಉಗುರಿನ ಸಂದಿಗೆ ಬರುತ್ತಿತ್ತು. ನಾನು ಬಕೆಟ್ ಕಳಪೆ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದೆ! ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕೆಸರು ಆಗುತ್ತದೆ, ಬಕೆಟ್‌ಗೆ ಕೂತಿದ್ದು ಅದೇ. ಬಕೆಟ್‌ಗೆ ಅಂಟುವುದು ಮುಖಕ್ಕೂ ಅಂಟುತ್ತದೆ ಅಂತ ಹೊಳೆಯೋಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ನೊರೆ ಬರಲ್ಲ ಅಂತ ಇನ್ನೂ ಎರಡು ಸಲ ಸೋಪು ಉಜ್ಜುತ್ತಿದ್ದೆ ಬೇರೆ, ಮುಖ ಒಡೆಯದೆ ಇನ್ನೇನಾಗುತ್ತೆ.

ಫೇಸ್‌ವಾಶ್‌ಗಳಲ್ಲಿ ಬಹುಪಾಲು ಸೋಪಲ್ಲದ ಕ್ಲೆನ್ಸರ್ ಹಾಕಿರುತ್ತಾರೆ. ಅದು ಗಡಸು ನೀರಲ್ಲೂ ಈ ರೀತಿ ಕೆಸರು ಕಟ್ಟಲ್ಲ. ಬೋರ್‌ವೆಲ್ ಮನೆಯವರಿಗೆ ಬೇರೆ ಫೇಸ್‌ವಾಶ್ ಇಟ್ಟುಕೊಳ್ಳಿ ಅಂತ ನಾನೇ ಹೇಳುತ್ತೇನೆ, ಮಿಕ್ಕವರಿಗೆ ಅಷ್ಟು ಒತ್ತಾಯ ಮಾಡಲ್ಲ.

ಹಾಗಾದರೆ ಟ್ಯೂಬಲ್ಲಿ ಬಂದಿದ್ದೆಲ್ಲ ಒಳ್ಳೇದು, ಬಿಲ್ಲೆ ಆಗಿದ್ದೆಲ್ಲ ಕೆಟ್ಟದ್ದಾ?

ಇಲ್ಲ ಇಲ್ಲ. ಇಲ್ಲೇ ಎಲ್ಲರೂ ಎಡವೋದು. ಸಿಂಡೆಟ್ ಬಾರ್ ಅಂತ ಬರುತ್ತದೆ, ನೋಡೋಕೆ ಸೋಪಿನ ಬಿಲ್ಲೆಯ ಹಾಗೇ ಇದ್ದರೂ ಸೋಪಲ್ಲ. ಹಿಂದಿನ ಸಣ್ಣಕ್ಷರ ಓದಿ. ಮೊದಲಿಗೆ ಸೋಡಿಯಂ ಪಾಮೇಟ್ ಅಂತ ಇದ್ದರೆ ಅದು ಮಾಮೂಲಿ ಸೋಪು, ಸೋಡಿಯಂ ಕೊಕೋಯ್ಲ್ ಐಸೆಥಿಯೋನೇಟ್ ಅಂತ ಇದ್ದರೆ ಸಿಂಡೆಟ್. ಅದೇ ಥರ ಕೆಲವು ಫೇಸ್‌ವಾಶ್‌ಗಳಲ್ಲೂ ಸೋಪೇ ಇರುತ್ತದೆ, ಮಿರಿಸ್ಟಿಕ್ ಆಸಿಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಟ್ಟಿಗೆ ಕಂಡರೆ ತಿಳಿದುಕೊಳ್ಳಿ. ದಪ್ಪ ನೊರೆ, ಆಮೇಲೆ ಅದೇ ಬಿಗಿತ. ದುಡ್ಡು ಮಾತ್ರ ಟ್ಯೂಬಿನದು.

ಮಗಳಿಗೆ 16 ವರ್ಷ, ತುಂಬಾ ಮೊಡವೆ. ದಿನಕ್ಕೆ ಐದು ಸಲ ಸೋಪು ಹಾಕಿ ತೊಳೀತಾಳೆ, ಆದರೂ ಕಡಿಮೆ ಆಗ್ತಿಲ್ಲ.

ಐದು ಸಲ ನಿಲ್ಲಿಸಿ ಅಮ್ಮಾ, ಮೊದಲು ಅದು. ಮೊಡವೆ ಕೊಳೆಯಿಂದ ಬರೋದಲ್ಲ. ಆ ವಯಸ್ಸಲ್ಲಿ ಹಾರ್ಮೋನಿನಿಂದ ಎಣ್ಣೆ ಜಾಸ್ತಿ ಊರುತ್ತದೆ, ರಂಧ್ರ ಕಟ್ಟಿಕೊಳ್ಳುತ್ತದೆ. ಉಜ್ಜಿ ಉಜ್ಜಿ ತೊಳೆದರೆ ಉರಿ, ಕೆಂಪು ಜಾಸ್ತಿ ಆಗುತ್ತದೆ ಅಷ್ಟೇ. ಬೆಳಿಗ್ಗೆ ಒಂದು, ರಾತ್ರಿ ಒಂದು ಸಲ, ಜೊತೆಗೆ ಆಟ ಆಡಿ ಬೆವತು ಬಂದರೆ ಇನ್ನೊಂದು. ಇವಳಿಗೆ ಸೌಮ್ಯವಾದ ಫೇಸ್‌ವಾಶ್ ಒಳ್ಳೇದು, ಸ್ಯಾಲಿಸಿಲಿಕ್ ಆಸಿಡ್ ಇರೋದನ್ನು ಬೇಕಾದರೆ ನೋಡಬಹುದು. ಬೆಂಜಾಯ್ಲ್ ಪೆರಾಕ್ಸೈಡ್ ಇರೋದು ತಂದರೆ ಹಳೇ ಟವೆಲ್ ಕೊಡಿ, ಬಣ್ಣದ ಟವೆಲ್ ಮೇಲೆ ಬಿಳಿ ಕಲೆ ಬೀಳುತ್ತದೆ. ಗಂಟುಗಂಟಾಗಿ ನೋವಿರುವ ಮೊಡವೆ ಆದರೆ, ಕಲೆ ಉಳಿಯುತ್ತಿದ್ದರೆ, ನನ್ನ ಅಂಗಡಿ ದಾಟಿ ಸೀದಾ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಕಡಲೆಹಿಟ್ಟು?

ವಾರಕ್ಕೊಂದು ಸಲ ಖುಷಿಗೆ ಹಚ್ಚಿಕೊಳ್ಳಿ, ನಯವಾಗಿ ಜರಡಿ ಹಿಡಿದಿರಲಿ, ಒಣಗುವ ಮೊದಲೇ ತೊಳೆಯಿರಿ. ಹಚ್ಚಿದ ಸನ್‌ಸ್ಕ್ರೀನ್, ಮೇಕಪ್ ತೆಗೆಯೋಕೆ ಅದನ್ನು ನಂಬಬೇಡಿ.

ನಮ್ಮನೆಯವರು ಫೇಸ್‌ವಾಶ್ ಅಂದರೆ ನಗುತ್ತಾರೆ. ಅದೂ ಅಲ್ಲದೆ ಟ್ಯೂಬು ಹದಿನೈದು ದಿನಕ್ಕೇ ಖಾಲಿ.

ನಗುವವರೇ ಕದ್ದು ಹಾಕಿಕೊಳ್ಳುತ್ತಿದ್ದಾರೇನೋ ನೋಡಿ, ನಮ್ಮನೆಯಲ್ಲಿ ಹಾಗೇ ಸಿಕ್ಕಿಬಿದ್ದರು. ಒಂದು ಸಲಕ್ಕೆ ಕಡಲೆಕಾಳಿನಷ್ಟು ಸಾಕು. ಒದ್ದೆ ಕೈಯಲ್ಲಿ ಮೊದಲು ನೊರೆ ಮಾಡಿ, ಆಮೇಲೆ ಮುಖಕ್ಕೆ. ಬೆಳಿಗ್ಗೆ ಎದ್ದ ಮೇಲೆ ಮುಖ ಅಷ್ಟು ಜಿಡ್ಡಾಗಿರದಿದ್ದರೆ ಬರೀ ನೀರೇ ಸಾಕು, ಫೇಸ್‌ವಾಶ್ ರಾತ್ರಿಗೆ ಇಡಿ. ಹೀಗೆ ಮಾಡಿದರೆ 100 ಎಂಎಲ್ ಟ್ಯೂಬು ಎರಡು ತಿಂಗಳು ದಾಟುತ್ತದೆ, ಮನೆಯವರು ಮುಟ್ಟದಿದ್ದರೆ.